ಡೆಬಿಟ್ ನೋಟ್ ಸಂಖ್ಯೆ ಒಂದು

ಎರಡು ರೋಲ್ ಕಾಗದ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಒಂದು ರೋಲ್ ಅಂದರೆ ಆಳಿನ ಎದೆಮಟ್ಟ ಬರುವ ವಸ್ತು. ಕಂಕುಳಲ್ಲಿ ಇಟ್ಟುಕೊಂಡು ಹೋಗುವಂಥದ್ದಲ್ಲ. ಆದರೂ ಆ ತಿಂಗಳ ನಡುವೆ ಗೋದಾಮಿನಲ್ಲಿ ನಿಂತು ಎಣಿಸಿದಾಗ ಪುಸ್ತಕದಲ್ಲಿ ಇರುವುದಕ್ಕಿಂತ ನೆಲದ ಮೇಲೆ ಎರಡು ಕಡಿಮೆ. ಲೆಕ್ಕದಕ್ಕ ಮೂರು ಸಲ ಎಣಿಸಿದಳು. ನಾಲ್ಕನೇ ಸಲ ಪ್ರತಿ ರೋಲಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗೀಟು ಎಳೆಯುತ್ತಾ ಎಣಿಸಿದಳು. ಎರಡು ಕಡಿಮೆಯೇ.

ಆ ರಟ್ಟಿನ ಪೆಟ್ಟಿಗೆಯ ಕಾರ್ಖಾನೆ ಅವಳ ಅಣ್ಣನದು. ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುವವಳು ಅವಳು. ಅಣ್ಣ ಅವಳನ್ನು ಪುಟ್ಟಿ ಎನ್ನುತ್ತಿದ್ದ. ನಲವತ್ತೆರಡು ತುಂಬಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಉಳಿದವರಿಗೆಲ್ಲ ಅವಳು ಲೆಕ್ಕದಕ್ಕ. ರಾತ್ರಿ ಮಲಗಿದ ಮೇಲೂ ಬೀರುವಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಎದ್ದು ಕೂರುವ ಸ್ವಭಾವದವಳು. ಅಂಥವಳಿಗೆ ಎರಡು ರೋಲ್ ಕಾಗದ ಕಾಣೆಯಾದರೆ ಅನ್ನ ಗಂಟಲಲ್ಲಿ ಇಳಿಯುತ್ತದೆಯೇ?

ಅಂಟು ಹಚ್ಚುವ ಮೆಷಿನ್ ನಡೆಸುವವನನ್ನು ಎಲ್ಲರೂ ಗೋಂದಣ್ಣ ಎನ್ನುತ್ತಿದ್ದರು. ಅವನ ಬೆರಳುಗಳಲ್ಲಿ ಯಾವಾಗಲೂ ಒಣಗಿದ ಗೋಂದಿನ ಸಿಪ್ಪೆ. ಅವಳು ಹಿಂಜರಿಯುತ್ತಲೇ ಅವನ ಹತ್ತಿರ ಹೋಗಿ ನಿಂತಳು.

"ಗೋಂದಣ್ಣ, ಎರಡು ರೋಲ್ ಕಮ್ಮಿ ಬರ್ತಿದೆ."

"ಹಂಗಂದ್ರೆ?"

"ಅಂದ್ರೆ... ಬಿಲ್ ಮಾಡಿರೋ ಬಾಕ್ಸಿಗೆ ಎಷ್ಟು ಕಾಗದ ಬೇಕೋ ಅದಕ್ಕಿಂತ ಎರಡು ರೋಲ್ ಜಾಸ್ತಿ ಖರ್ಚಾಗಿದೆ."

"ನಾನೇನು ಕಾಗದ ತಿಂತೀನೇನಕ್ಕಾ?" ಗೋಂದಣ್ಣ ಮೆಷಿನ್ ನಿಲ್ಲಿಸಿದ. ಅವನು ಮೆಷಿನ್ ನಿಲ್ಲಿಸಿದನೆಂದರೆ ಕೋಪ ಬಂದಿದೆ ಎಂದೇ ಅರ್ಥ. "ಹಸು ಅನ್ಕೊಂಡ್ರಾ ನನ್ನ? ಐದು ಪ್ಲೈ ಓಡಿಸಿದ್ರೆ ಕಾಗದ ಜಾಸ್ತಿ ಹೋಗದೆ ಇನ್ನೇನು ಕಮ್ಮಿ ಹೋಗತ್ತಾ?"

"ಯಾವ ಐದು ಪ್ಲೈ?"

"ಜಾಡಿ ಕಂಪನಿದು. ಹನ್ನೆರಡರ ಬಾಕ್ಸ್. ಜಾಡಿ ಒಡೀತಾವೆ, ದಪ್ಪ ಮಾಡಿ ಅಂತ ಅವರೇ ಬರೆದಿದ್ರಲ್ಲ. ನಾಲ್ಕು ಸಾವಿರ ಹೊಡೆದಿದ್ದೀವಿ. ಮೂರು ಪದರ ಅಲ್ಲ, ಐದು. ನೀವೇ ಆರ್ಡರ್ ಕಾಗದ ತಂದು ಗೋಡೆಗೆ ಅಂಟಿಸಿದ್ದು."

ಅವಳು ಓಡಲಿಲ್ಲ, ಆದರೆ ನಡೆದಳು ಎಂದೂ ಹೇಳುವಂತಿರಲಿಲ್ಲ. ಆಫೀಸಿನ ಬಾಗಿಲು ತಳ್ಳಿ, ಕಂಪ್ಯೂಟರ್ ಮುಂದೆ ಕುಳಿತು, ಹಿಂದಿನ ತಿಂಗಳ ನೂರ ಹದಿನೆಂಟನೇ ನಂಬರಿನ ಬಿಲ್ ತೆರೆದಳು.

ಹನ್ನೆರಡರ ಬಾಕ್ಸ್, ನಾಲ್ಕು ಸಾವಿರ. ದರ ಮೂವತ್ತೊಂದು.

ಮೂವತ್ತೊಂದು ರೂಪಾಯಿ ಮೂರು ಪ್ಲೈ ಬಾಕ್ಸಿನ ದರ. ಐದು ಪ್ಲೈಗೆ ಆರ್ಡರಿನಲ್ಲಿ ಬರೆದಿದ್ದ ದರ ನಲವತ್ತಮೂರು.

ಹೇಗಾಯಿತು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಬಾಕ್ಸಿನ ಹೊರ ಅಳತೆ ಒಂದೇ. ಹಾಗಾಗಿ ಕಾರ್ಖಾನೆಯಲ್ಲಿ ಎರಡಕ್ಕೂ ಒಂದೇ ಹೆಸರು: ಹನ್ನೆರಡು ಜಾಡಿ ಹಿಡಿಸುವುದು, ಹನ್ನೆರಡರ ಬಾಕ್ಸ್. ಜಾಡಿ ಕಂಪನಿಗೆ ಪ್ರತಿ ತಿಂಗಳೂ ಅದೇ ಮಾಲು ಹೋಗುತ್ತಿದ್ದುದರಿಂದ ಅವಳು ಹಳೆಯ ಬಿಲ್ಲನ್ನೇ ಕಾಪಿ ಮಾಡಿ, ನಂಬರು, ತಾರೀಖು, ಎಣಿಕೆ ಮೂರನ್ನೂ ಬದಲಿಸುತ್ತಿದ್ದಳು. ದರದ ಕಡೆ ಕಣ್ಣು ಹಾಯಿಸುವ ಅಭ್ಯಾಸವೇ ತಪ್ಪಿಹೋಗಿತ್ತು. ಜಾಡಿ ಕಂಪನಿ ಬಿಲ್ಲಿನ ದುಡ್ಡು ಪೂರ್ತಿ ಕೊಟ್ಟು ಹತ್ತು ದಿನವಾಗಿತ್ತು. ತೆರಿಗೆ ಸೇರಿ ಒಂದು ಲಕ್ಷ ಮೂವತ್ತಾರು ಸಾವಿರದ ನಾನೂರು. ಬರಬೇಕಾಗಿದ್ದದ್ದು ಒಂದು ಲಕ್ಷ ಎಂಬತ್ತೊಂಬತ್ತು ಸಾವಿರದ ಇನ್ನೂರು.

ಐವತ್ತೆರಡು ಸಾವಿರದ ಎಂಟುನೂರು. ಅವಳ ಕೈತಪ್ಪು. ಗೋಂದಣ್ಣನನ್ನು ಕಳ್ಳನಂತೆ ಕೇಳಿದೆನಲ್ಲ ಎಂಬುದು ಅದಕ್ಕಿಂತ ಹೆಚ್ಚು ಚುಚ್ಚಿತು.

ಮೊದಲು ಹೋಗಿ ಅವನ ಹತ್ತಿರ ಹೇಳಿದಳು: "ತಪ್ಪು ನನ್ನದು ಗೋಂದಣ್ಣ."

"ಹೂಂ," ಎಂದ ಅವನು, ಮೆಷಿನ್ ಶುರು ಮಾಡುತ್ತಾ. "ಯಜಮಾನ್ರಿಗೆ ಹೇಳುವಾಗ ಸ್ವಲ್ಪ ದೂರ ನಿಂತ್ಕೊಂಡು ಹೇಳಿ."

*

ಅಣ್ಣ ಮೊದಲು ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಅವನು ಎರಡು ಕೈಯಲ್ಲೂ ಮುಖ ಉಜ್ಜಿಕೊಂಡು ಕುಳಿತ. ಮೂಲೆಯ ಸ್ಟೂಲಿನ ಮೇಲೆ ಅತ್ತಿಗೆಯ ತಮ್ಮ ಮೊಬೈಲ್ ನೋಡುತ್ತಾ ಕೂತಿದ್ದ. ಡಿಗ್ರಿ ಮುಗಿಸಿ ಎರಡು ವರ್ಷ. ಕೆಲಸ ಇನ್ನೂ ಕೂಡಿಬಂದಿರಲಿಲ್ಲ. ಅಕ್ಕನ ಮನೆಗೆ ಬಂದವನು ಭಾವನ ಆಫೀಸಿಗೂ ಬರಲು ಶುರು ಮಾಡಿದ್ದ.

"ಬಿಲ್ ಹರಿದು ಹಾಕು," ಎಂದ ಅಣ್ಣ. "ಅದೇ ನಂಬರಿಗೆ ಸರಿಯಾದ ರೇಟ್ ಹಾಕಿ ಹೊಸದು ಮಾಡು."

"ಆಗಲ್ಲಣ್ಣ. ಆ ತಿಂಗಳ ತೆರಿಗೆ ಲೆಕ್ಕ ಕೊಟ್ಟಾಗಿದೆ. ಅವರ ಪುಸ್ತಕದಲ್ಲೂ ಆ ಬಿಲ್ ಏರಿದೆ, ದುಡ್ಡೂ ಕೊಟ್ಟಾಗಿದೆ. ಹೋದ ಬಿಲ್ಲನ್ನ ಮುಟ್ಟೋ ಹಾಗಿಲ್ಲ."

"ಮುಂದಿನ ಬಿಲ್ಲಲ್ಲಿ ಸೇರಿಸಿಬಿಡು ಹಾಗಾದ್ರೆ. ಸಾವಿರದ ನೂರು ಬಾಕ್ಸ್ ಜಾಸ್ತಿ ಬರಿ. ಯಾರು ಎಣಿಸ್ತಾರೆ?"

"ಅವರ ಗೇಟಲ್ಲಿ ಎಣಿಸ್ತಾರೆ. ಎಣಿಸದೇ ಹೋದ್ರೂ, ಕಳಿಸದೇ ಇರೋ ಬಾಕ್ಸಿಗೆ ನಾನು ಬಿಲ್ ಬರೆಯಲ್ಲ. ಇಲ್ಲಿ ಸ್ಟಾಕಲ್ಲೂ ಸಾವಿರದ ನೂರು ಬಾಕ್ಸ್ ಸುಳ್ಳುಸುಳ್ಳೇ ಕಳೀಬೇಕಾಗತ್ತೆ."

"ಮತ್ತೆ ಏನು ಮಾಡ್ತೀಯ? ಬಾಯಿ ಮುಚ್ಕೊಂಡು ನುಂಗೋದಾ?"

"ಡೆಬಿಟ್ ನೋಟ್ ಕೊಡ್ತೀನಿ."

ಮೂಲೆಯಿಂದ ಅತ್ತಿಗೆಯ ತಮ್ಮ ತಲೆ ಎತ್ತಿದ. "ಡೆಬಿಟ್ ನೋಟ್ ಕೊಡೋದು ಕೊಂಡವರಲ್ವಾ? ಮಾಲು ವಾಪಸ್ ಮಾಡಿದಾಗ?"

"ಅವರೂ ಕೊಡಬಹುದು, ನಾವೂ ಕೊಡಬಹುದು. ಬಿಲ್ ಜಾಸ್ತಿ ಹಾಕಿದ್ರೆ ನಾವು ಕ್ರೆಡಿಟ್ ನೋಟ್ ಕೊಟ್ಟು ಇಳಿಸ್ತೀವಲ್ಲ, ಕಮ್ಮಿ ಹಾಕಿದ್ರೆ ಡೆಬಿಟ್ ನೋಟ್ ಕೊಟ್ಟು ಏರಿಸೋದು. ನಮ್ಮ ಪುಸ್ತಕದಲ್ಲಿ ಅವರ ಖಾತೆಗೆ ಡೆಬಿಟ್ ಬೀಳತ್ತೆ, ಅದಕ್ಕೆ ಆ ಹೆಸರು."

ಅಣ್ಣನ ಮುಖ ಗಂಟಾಯಿತು. ಕಾರ್ಖಾನೆಯ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಡಿ ಕಂಪನಿಗೇ ಹೋಗುತ್ತಿತ್ತು. ಅವರ ಖರೀದಿ ಸಾಹೇಬನ ಫೋನ್ ಬಂದರೆ ಅಣ್ಣ ಕುಳಿತಲ್ಲಿಂದ ಎದ್ದು ನಿಂತು ಮಾತಾಡುತ್ತಿದ್ದ.

"ಪುಟ್ಟಿ, ಆ ಮನುಷ್ಯನ್ನ ಕೆಣಕಬೇಡ. ಐವತ್ತು ಸಾವಿರಕ್ಕೆ ಗಿರಾಕಿ ಕಳ್ಕೊಂಡ್ರೆ ಬಾಗಿಲು ಹಾಕ್ಕೊಂಡು ಹೋಗಬೇಕಾಗತ್ತೆ."

"ನಾವು ಬೇರೆ ಏನೂ ಕೇಳ್ತಿಲ್ಲ. ಅವರೇ ಸಹಿ ಹಾಕಿರೋ ರೇಟ್ ಕೇಳ್ತಿದ್ದೀವಿ."

"ತಪ್ಪು ಮಾಡಿದೋಳು ನೀನು. ಈಗ ನ್ಯಾಯ ಹೇಳೋಳೂ ನೀನೇನಾ?" ಕೊನೆಗೂ ಅವನ ದನಿ ಏರಿತು. "ಸರಿ. ಕೊಡು. ಆದ್ರೆ ಕೇಳಿಸ್ಕೋ. ಆ ನೋಟ್ ಅವರು ಒಪ್ಪಿಕೊಂಡ್ರೆ ಸರಿ. ಈ ತಿಂಗಳೊಳಗೆ ಒಪ್ಪಲಿಲ್ಲ ಅಂದ್ರೆ ನೀನು ಮನೇಲಿ ಕೂತ್ಕೋ. ಇವನು ನಿನ್ನ ಕುರ್ಚಿಲಿ ಕೂತ್ಕೋತಾನೆ. ಇವನಿಗೂ ಒಂದು ದಾರಿ ಆಗಬೇಕು ಅಂತ ನಿಮ್ಮತ್ತಿಗೆ ದಿನಾ ತಲೆ ತಿಂತಿದ್ದಾಳೆ."

ಅತ್ತಿಗೆಯ ತಮ್ಮ ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡವನಂತೆ ತಲೆ ತಗ್ಗಿಸಿದ.

ಲೆಕ್ಕದಕ್ಕ ತನ್ನ ಕುರ್ಚಿಯ ಕಡೆ ನೋಡಿದಳು. ಹದಿನಾಲ್ಕು ವರ್ಷ. ಗಂಡ ತೀರಿಕೊಂಡ ಮೇಲೆ ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಆ ಕುರ್ಚಿ. ತಿಂಗಳಿಗೆ ಸಂಬಳ, ಮಗಳ ಫೀಸು, ಬೀದಿಯಲ್ಲಿ ನಡೆದಾಗ ಜನ ಕೊಡುವ ನಮಸ್ಕಾರ, ಎಲ್ಲ ಅದರಿಂದಲೇ. ಬೇಡ ಬಿಡಣ್ಣ ಎನ್ನಲು ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ ಮಾತು.

"ಆಗಲಿ. ತಿಂಗಳೊಳಗೆ ನೋಟ್ ಒಪ್ಪದೇ ಹೋದ್ರೆ ಕುರ್ಚಿ ಅವನಿಗೆ."

*

ಡೆಬಿಟ್ ನೋಟಿನ ಪುಸ್ತಕ ಬೀರುವಿನಲ್ಲಿ ವರ್ಷಗಳಿಂದ ಇತ್ತು. ಒಂದು ಹಾಳೆಯೂ ಖರ್ಚಾಗಿರಲಿಲ್ಲ. ಸಂಖ್ಯೆಯ ಜಾಗದಲ್ಲಿ ಅವಳು ಒಂದು ಎಂದು ಬರೆದಳು. ಇವತ್ತಿನ ತಾರೀಖು ಹಾಕಿದಳು. ಹಳೆಯ ಬಿಲ್ಲಿನ ತಾರೀಖು ಹಾಕಿ ಹಿಂದಕ್ಕೆ ನುಸುಳುವ ಆಸೆ ಒಂದು ಗಳಿಗೆ ಬಂದಿತ್ತು, ತಳ್ಳಿದಳು. ಯಾವ ಬಿಲ್ಲಿಗೆ ಸೇರಿದ್ದು ಎಂಬಲ್ಲಿ ನೂರ ಹದಿನೆಂಟು ಎಂದು ಬರೆದು ಅದರ ತಾರೀಖು ಸೇರಿಸಿದಳು. ಕಾರಣ: ಐದು ಪ್ಲೈ ಪೆಟ್ಟಿಗೆಗೆ ಆರ್ಡರಿನ ದರ 43ರ ಬದಲು ಕೈತಪ್ಪಿನಿಂದ 31 ಹಾಕಲಾಗಿದೆ; ಪೆಟ್ಟಿಗೆಗೆ 12ರಂತೆ 4,000ಕ್ಕೆ ವ್ಯತ್ಯಾಸ 48,000; ಅದರ ಮೇಲೆ ಹತ್ತು ಪರ್ಸೆಂಟ್ ತೆರಿಗೆ 4,800; ಒಟ್ಟು 52,800. ಕೈತಪ್ಪು ಎಂಬ ಶಬ್ದವನ್ನು ಬರೆದು, ಹೊಡೆದು ಹಾಕಲೇ ಎಂದು ಯೋಚಿಸಿ, ಹಾಗೇ ಬಿಟ್ಟಳು. ಅದು ನಿಜ ತಾನೆ. ಆರ್ಡರಿನ ನಕಲು ಮತ್ತು ಅವರ ಗೇಟಿನವರು ಸಹಿ ಹಾಕಿದ ಡೆಲಿವರಿ ಚಲನ್ ನಕಲು ಎರಡನ್ನೂ ಪಿನ್ ಮಾಡಿದಳು. ಚಲನಿನಲ್ಲಿ ಗೋಂದಣ್ಣನ ದೊಡ್ಡ ದೊಡ್ಡ ಅಕ್ಷರ: ಐದು ಪ್ಲೈ.

"ಪುಸ್ತಕಕ್ಕೆ ಈಗಲೇ ಏರಿಸಬೇಡ," ಎಂದ ಅಣ್ಣ, ಅವಳ ಬೆನ್ನ ಹಿಂದೆ ನಿಂತು. "ಅವರು ಒಪ್ಪಲಿ, ಆಮೇಲೆ ನೋಡೋಣ."

"ಕೊಟ್ಟ ಮೇಲೆ ಕೊಟ್ಟ ಹಾಗೆ, ಅಣ್ಣ. ನಾವೇ ನಂಬದೇ ಇರೋ ಕಾಗದನ ಅವರು ಯಾಕೆ ನಂಬಬೇಕು?"

ಅವಳು ಏರಿಸಿದಳು. ಜಾಡಿ ಕಂಪನಿಯ ಖಾತೆಗೆ ಡೆಬಿಟ್ 52,800. ಮಾರಾಟ ಖಾತೆಗೆ ಕ್ರೆಡಿಟ್ 48,000. ಕಟ್ಟಬೇಕಾದ ತೆರಿಗೆಗೆ ಕ್ರೆಡಿಟ್ 4,800; ಅದು ಈ ತಿಂಗಳ ತೆರಿಗೆ ಲೆಕ್ಕದಲ್ಲಿ ಹೋಗುತ್ತದೆ. ಪೆಟ್ಟಿಗೆಗಳ ಸ್ಟಾಕಿನ ಪುಸ್ತಕವನ್ನು ತೆರೆಯಲೇ ಇಲ್ಲ, ಯಾಕೆಂದರೆ ಒಂದು ಪೆಟ್ಟಿಗೆಯೂ ಹೊಸದಾಗಿ ಹೋಗಿರಲಿಲ್ಲ. ಹೋದದ್ದರ ಬೆಲೆ ಮಾತ್ರ ಸರಿಯಾಗಿತ್ತು.

ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ, ನಾಲ್ಕು ಸಾವಿರ ಗುಣಿಸು ಹನ್ನೆರಡು ನಲವತ್ತೆಂಟು ಸಾವಿರವೇ ಅಲ್ಲವೇ ಎಂದು ಕ್ಯಾಲ್ಕುಲೇಟರಿನಲ್ಲಿ ಇನ್ನೊಮ್ಮೆ ನೋಡಿದಳು.

*

ಐದನೇ ದಿನ ಲಕೋಟೆ ವಾಪಸ್ ಬಂತು. ಡೆಬಿಟ್ ನೋಟಿನ ಮೇಲೆ ಅಡ್ಡಡ್ಡ ಕೆಂಪು ಶಾಯಿಯಲ್ಲಿ, 'ಒಪ್ಪಿಲ್ಲ. ಖರೀದಿ ವಿಭಾಗ.' ಕೆಳಗೆ ಹಾವು ಹರಿದಂತೆ ಒಂದು ಸಹಿ.

ಅಣ್ಣ ಓದಿ, ಟೇಬಲ್ ಮೇಲಿಟ್ಟು, "ನೋಡಿದ್ಯಾ?" ಎಂದ. ಅಷ್ಟೇ.

"ಇನ್ನೂ ತಿಂಗಳು ಮುಗಿದಿಲ್ಲ," ಎಂದಳು ಲೆಕ್ಕದಕ್ಕ. ಮರುದಿನ ಬೆಳಿಗ್ಗೆ ಅದೇ ಕಾಗದವನ್ನು ಮತ್ತು ಅದರ ಇನ್ನೊಂದು ಪ್ರತಿಯನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದಳು. ಇಳಿಯುವ ಹೊತ್ತಿಗೆ ಮೊದಲ ವಾಕ್ಯವೇ ಮರೆತಿತ್ತು.

ಜಾಡಿ ಕಂಪನಿಯ ಖರೀದಿ ಸಾಹೇಬನ ಕೋಣೆಗೆ ಗಾಜಿನ ಗೋಡೆ. ಹೊರಗಿನ ಬೆಂಚಿನ ಮೇಲೆ ಅವಳನ್ನು ಒಂದೂವರೆ ಗಂಟೆ ಕೂರಿಸಿದ. ಅಷ್ಟು ಹೊತ್ತೂ ಅವನು ಉಗುರು ನೋಡಿಕೊಳ್ಳುವುದು, ಫೋನಿನಲ್ಲಿ ನಗುವುದು ಎಲ್ಲ ಅವಳಿಗೆ ಕಾಣುತ್ತಿತ್ತು. ಒಳಗೆ ಕರೆದಾಗ ಕುರ್ಚಿ ತೋರಿಸಿದ.

"ನಿಮ್ಮಣ್ಣ ಬರ್ತಾರೆ ಅನ್ಕೊಂಡಿದ್ದೆ. ತಂಗೀನ ಕಳಿಸಿದ್ದಾರೆ. ಇರಲಿ. ಏನಮ್ಮಾ, ನೀವು ಮಾರೋರು. ಡೆಬಿಟ್ ನೋಟ್ ನಾವು ಕೊಡೋದು, ನೀವು ತಗೊಳ್ಳೋದು. ಉಲ್ಟಾ ಎಲ್ಲಾದ್ರೂ ಉಂಟಾ?"

"ಉಂಟು ಸಾರ್. ಬಿಲ್ಲಲ್ಲಿ ಕಮ್ಮಿ ಹಾಕಿದ್ರೆ ಮಾರಿದವರೇ ಕೊಡಬೇಕು. ಇದು ಬಿಲ್ಲಿನದೇ ಬಾಲ ಇದ್ದ ಹಾಗೆ. ಬಿಲ್ ನಂಬರ್ ಮೇಲೆ ಬರೆದಿದ್ದೀನಿ."

"ಬಾಲ!" ಅವನು ನಕ್ಕ. "ನಿಮ್ಮ ತಪ್ಪು ನಿಮ್ಮ ನಷ್ಟ. ನೀವು ಮೂವತ್ತೊಂದು ಅಂತ ಬಿಲ್ ಕೊಟ್ರಿ, ನಾವು ಕೊಟ್ವಿ. ಮುಗೀತು."

"ತಪ್ಪು ನನ್ನದೇ ಸಾರ್. ಇಲ್ಲ ಅನ್ನಲ್ಲ. ಆದ್ರೆ ಆರ್ಡರಲ್ಲಿ ನಲವತ್ತಮೂರು ಅಂತ ಇದೆ, ನಿಮ್ಮ ಸಹಿ ಇದೆ."

ಖರೀದಿ ಸಾಹೇಬ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. ದನಿ ಮೃದುವಾಯಿತು. ಅವಳಿಗೆ ಭಯವಾದದ್ದು ಆಗಲೇ.

"ನೋಡಿ, ನಾನು ಕೆಟ್ಟವನಲ್ಲ. ನಿಮ್ಮಣ್ಣ ಒಳ್ಳೆ ಮನುಷ್ಯ. ಇದನ್ನ ಇಲ್ಲಿಗೇ ಬಿಡಿ." ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಕಡೆ ತಳ್ಳಿದ. "ಹೊಸ ಆರ್ಡರ್. ಹತ್ತು ಸಾವಿರ. ನಿಮ್ಮ ಕಾರ್ಖಾನೆ ಇಷ್ಟು ದೊಡ್ಡ ಆರ್ಡರ್ ನೋಡಿದೆಯಾ ಯಾವತ್ತಾದ್ರೂ? ಸಹಿ ಹಾಕೋದೊಂದೇ ಬಾಕಿ. ಆ ನೋಟ್ ಹರೀರಿ, ನಾನು ಪೆನ್ ತೆಗೀತೀನಿ."

ಹತ್ತು ಸಾವಿರ. ಅಣ್ಣನ ಮುಖ ಕಣ್ಣ ಮುಂದೆ ಬಂತು, ಅವನು ಇದನ್ನು ಕೇಳಿದರೆ ಹೇಗೆ ಅರಳುತ್ತದೆ ಎಂಬುದೂ. ಅವಳ ಕೈ ಬ್ಯಾಗಿನ ಕಡೆ ಹೋಯಿತು. ಹೋಗುತ್ತಿದ್ದ ಕೈ ನಿಂತಿತು. ಈ ಸಲ ಅವಳು ದರದ ಕಡೆ ಕಣ್ಣು ಹಾಯಿಸಿದ್ದಳು.

ಹನ್ನೆರಡರ ಪೆಟ್ಟಿಗೆ, ಐದು ಪ್ಲೈ. ದರ ಮೂವತ್ತೊಂದು. ಪಕ್ಕದಲ್ಲಿ ಸಣ್ಣಗೆ: ಹಿಂದಿನ ಬಿಲ್ಲಿನ ದರದಂತೆ.

ಕಾಗದ, ಗೋಂದು, ಕರೆಂಟು, ಕೂಲಿ ಸೇರಿ ಐದು ಪ್ಲೈಗೆ ಕಾರ್ಖಾನೆಗೆ ಬೀಳುವುದೇ ಮೂವತ್ತೆಂಟು. ಒಂದೊಂದು ಪೆಟ್ಟಿಗೆಗೂ ಕೈಯಿಂದ ಏಳು ರೂಪಾಯಿ. ಹತ್ತು ಸಾವಿರಕ್ಕೆ ಎಪ್ಪತ್ತು ಸಾವಿರ. ಅವಳ ಒಂದು ಕೈತಪ್ಪನ್ನು ಈ ಮನುಷ್ಯ ದರವನ್ನಾಗಿ ಮಾಡಿಕೊಂಡಿದ್ದ. ಇವತ್ತು ನೋಟ್ ಹರಿದರೆ ಆ ಮೂವತ್ತೊಂದೇ ಕೊನೆಯವರೆಗೂ ಕೊರಳಿಗೆ ಬೀಳುತ್ತದೆ.

"ಈ ರೇಟಿಗೆ ನಾವು ಮಾಡಲ್ಲ ಸಾರ್."

"ಏನಂದ್ರಿ?"

"ಐದು ಪ್ಲೈ ಮೂವತ್ತೊಂದಕ್ಕೆ ಮಾಡಲ್ಲ. ನೋಟೂ ಹರಿಯಲ್ಲ." ದನಿ ನಡುಗಿತು, ಅದಕ್ಕೇ ಇನ್ನೊಂದು ಸಲ ಹೇಳಿದಳು. "ಹರಿಯಲ್ಲ. ಇದು ಲೆಕ್ಕದವರಿಗೆ ಬರೆದಿರೋ ಕಾಗದ. ನಾನು ಅವರಿಗೇ ಕೊಡ್ತೀನಿ."

ಖರೀದಿ ಸಾಹೇಬ ಹೋಗಿ ಎಂಬಂತೆ ಕೈ ಬೀಸಿದ. "ಮೇಲಿನ ಮಹಡಿ. ಮೂಗು ಸೊರಸೊರ ಅಂತಿರತ್ತೆ, ಗುರುತು ಸಿಗತ್ತೆ. ಅವರೂ ಇದನ್ನೇ ಹೇಳ್ತಾರೆ. ನಾನು ನಿಮ್ಮಣ್ಣನಿಗೆ ಫೋನ್ ಮಾಡ್ತೀನಿ, ತಂಗಿ ಹತ್ತು ಸಾವಿರದ ಆರ್ಡರ್ ಒದ್ದು ಹೋದಳು ಅಂತ."

*

ಮೇಲಿನ ಮಹಡಿಯ ಹಿರಿಯ ಲೆಕ್ಕಿಗರನ್ನು ಆ ಆಫೀಸಿನಲ್ಲಿ ನೆಗಡಿ ಸಾಹೇಬರು ಎನ್ನುತ್ತಿದ್ದರು. ಫೈಲಿನ ಧೂಳು ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಜೀವನವೆಲ್ಲ ಫೈಲಿನಲ್ಲೇ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಅವಳ ಡೆಬಿಟ್ ನೋಟ್ ಓದಿದರು. ಕೆಂಪು ಶಾಯಿಯನ್ನೂ ಓದಿದರು. ಆಮೇಲೆ ಕರವಸ್ತ್ರ ಕೆಳಗಿಟ್ಟರು.

"ಈ ಕಾಗದ ನನ್ನ ಹತ್ತಿರ ಬರಲೇ ಇಲ್ಲವಲ್ಲಮ್ಮ."

"ನಿಮ್ಮ ವಿಭಾಗಕ್ಕೇ ಬರೆದಿದ್ದೆ ಸಾರ್."

"ಕೆಳಗೇ ಹಿಡಿದಿದ್ದಾರೆ." ಅವರು ಕಂಪ್ಯೂಟರ್ ಪರದೆಯನ್ನು ಅವಳ ಕಡೆ ಸ್ವಲ್ಪ ತಿರುಗಿಸಿದರು. "ನೋಡಿ. ಈ ಖಾತೆಗೆ ನಾವು ಇಲ್ಲಿ 'ಬಿಲ್ ಬಾರದ ಮಾಲು' ಅಂತೀವಿ. ಮಾಲು ಗೇಟೊಳಗೆ ಬಂದ ದಿನ, ಬಿಲ್ ಬರೋಕೆ ಮುಂಚೆ, ಆರ್ಡರ್ ರೇಟಲ್ಲಿ ಸ್ಟಾಕಿಗೆ ತಗೋತೀವಿ. ನಾಲ್ಕು ಸಾವಿರ ಬಾಕ್ಸ್, ನಲವತ್ತಮೂರರಂತೆ ಒಂದು ಲಕ್ಷ ಎಪ್ಪತ್ತೆರಡು ಸಾವಿರ. ಅಷ್ಟನ್ನೂ ಈ ಖಾತೆಗೆ ಕ್ರೆಡಿಟ್ ಮಾಡ್ತೀವಿ. ಬಿಲ್ ಬಂದಾಗ ಇಲ್ಲಿಂದ ತೆಗೆದು ನಿಮ್ಮ ಖಾತೆಗೆ ಹಾಕಬೇಕು. ನಿಮ್ಮ ಬಿಲ್ ಬಂತು. ಎಷ್ಟಕ್ಕೆ?"

"ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ. ತೆರಿಗೆ ಬಿಟ್ಟು."

"ಉಳಿದದ್ದು?"

ಪರದೆಯ ಮೇಲೆ ಆ ಅಂಕಿ ಒಂಟಿಯಾಗಿ ಕೂತಿತ್ತು. 48,000.

"ಹೋದ ತಿಂಗಳ ಕೊನೆಯಿಂದ ಇದು ನನ್ನ ತಲೆ ಮೇಲೆ ಕೂತಿದೆ," ಎಂದರು ನೆಗಡಿ ಸಾಹೇಬರು. "ಆಡಿಟರ್ ಬಂದ್ರೆ ಮೊದಲು ಕೇಳೋದೇ ಇದು. ಕೆಳಗಿನವರು ಬಂದು, ಅದು ನಾನು ಉಳಿಸಿದ ದುಡ್ಡು, ಉಳಿತಾಯ ಅಂತ ಬರ್ಕೊಳ್ಳಿ ಅಂದ್ರು. ರೇಟ್ ಇಳಿಸಿದ್ದಕ್ಕೆ ಕಾಗದ ಕೊಡಿ ಅಂದೆ. ಆರ್ಡರ್ ತಿದ್ದಿ ಕೊಡಿ, ಮಾರಿದವರ ಒಪ್ಪಿಗೆ ಕೊಡಿ, ಏನಾದ್ರೂ ಕೊಡಿ. ಏನೂ ಬರಲಿಲ್ಲ." ಅವರು ಕರವಸ್ತ್ರ ಮಡಚಿದರು. "ನಾನು ನಿಮಗೊಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ರಿಟೈರ್ ಆಗೋಕೆ ಒಂದು ವರ್ಷ ಇದೆ, ಯಾಕೆ ತಂಟೆ ಅಂತ ಸುಮ್ಮನಿದ್ದೆ. ಅದು ನನ್ನ ತಪ್ಪು."

ಇಷ್ಟು ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಖರೀದಿ ಸಾಹೇಬ ಬಾಗಿಲಲ್ಲಿ ನಿಂತಿದ್ದ.

"ಇನ್ನೂ ಇಲ್ಲೇ ಇದ್ದೀರಾ? ಸಾರ್, ಅದನ್ನ ತಗೋಬೇಡಿ. ನಾನು ಒಪ್ಪಿಲ್ಲ ಅಂತ ಬರೆದಿದ್ದೀನಿ. ನನ್ನ ಸಹಿ ಇಲ್ಲದೆ ಖರೀದಿ ಕಾಗದ ಏರಿಸೋ ಹಾಗಿಲ್ಲ."

ನೆಗಡಿ ಸಾಹೇಬರು ಒಂದು ಸಲ ಸೀನಿದರು. ಎರಡು ಸಲ ಸೀನಿದರು. ಲೆಕ್ಕದಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಸೀನುವುದರಲ್ಲೇ ಅವರು ಹಿಂದೆ ಸರಿದುಬಿಡುತ್ತಾರೇನೋ ಎನಿಸಿತು.

"ಸಾರ್," ಎಂದಳು ಅವಳು, ಎದ್ದು ನಿಂತು. "ನಿಮ್ಮ ನಿಯಮ ನನಗೆ ಗೊತ್ತಿಲ್ಲ. ಆದ್ರೆ ನಾಲ್ಕು ಸಾವಿರ ಬಾಕ್ಸ್ ನಿಮ್ಮ ಗೋದಾಮಲ್ಲಿ ಐದು ಪ್ಲೈ ಅಂತಲೇ ಇದೆ. ನಲವತ್ತಮೂರು ಅಂತಲೇ ಇದೆ. ನಾನು ತಪ್ಪು ಬಿಲ್ ಕೊಟ್ಟೆ, ಅದನ್ನ ಬರೆದು ಕೊಟ್ಟಿದ್ದೀನಿ. ಇವರು ಯಾವ ಕಾಗದ ಕೊಟ್ಟಿದ್ದಾರೆ? ತಗೊಳ್ಳಲ್ಲ ಅಂದ್ರೆ ಬೇಡ, ಯಾಕೆ ತಗೊಳ್ಳಲ್ಲ ಅಂತ ಬರೆದು ಸಹಿ ಹಾಕಿ ಕೊಡಿ. ಇಲ್ಲೇ ಕೂತಿರ್ತೀನಿ. ಬಸ್ ಸಂಜೆ ಆರಕ್ಕೂ ಇದೆ."

"ಏನು ಧಿಮಾಕು!" ಎಂದ ಖರೀದಿ ಸಾಹೇಬ.

"ಧಿಮಾಕಲ್ಲ," ಎಂದರು ನೆಗಡಿ ಸಾಹೇಬರು. ಅವರ ದನಿಯೂ ಗಟ್ಟಿಯಾಗಿತ್ತು. "ಸರಿಯಾಗೇ ಕೇಳ್ತಿದ್ದಾರೆ. ನೀವು ಹೇಳೋ ನಿಯಮ ನನಗೂ ಗೊತ್ತು ಮಾರಾಯ್ರೆ, ಬರೆದದ್ದೇ ನಾನು. ಆರ್ಡರಿಗಿಂತ ಜಾಸ್ತಿ ಕೇಳಿದ್ರೆ ನಿಮ್ಮ ಸಹಿ ಬೇಕು. ಆರ್ಡರಲ್ಲಿ ಇದ್ದಷ್ಟೇ ಕೇಳಿದ್ರೆ ಬೇಡ. ಆರ್ಡರ್ ಮೇಲೆ ಇರೋದೇ ನಿಮ್ಮ ಸಹಿಯಲ್ವಾ?"

"ನಾನು ಉಳಿತಾಯದ ಪಟ್ಟಿ ಮೇಲಿನವರಿಗೆ ಕೊಟ್ಟಾಗಿದೆ!"

"ಅದನ್ನ ನೀವೇ ವಾಪಸ್ ತಗೊಳ್ಳಿ. ನನ್ನ ಪುಸ್ತಕದಲ್ಲಿ ಉಳಿತಾಯ ಇಲ್ಲ, ಸಾಲ ಇದೆ."

ಅವರು ಸೀಲು ತೆಗೆದು, ಶಾಯಿಗೆ ಒತ್ತಿ, ಡೆಬಿಟ್ ನೋಟಿನ ಎರಡು ಪ್ರತಿಗಳ ಮೇಲೂ ಹೊಡೆದರು. ಸ್ವೀಕರಿಸಲಾಗಿದೆ, ಲೆಕ್ಕ ವಿಭಾಗ. ತಾರೀಖು ಬರೆದರು. ಅವಳು ನೋಡುತ್ತಿರುವಂತೆಯೇ ವೋಚರ್ ಟೈಪು ಮಾಡಿದರು. 'ಬಿಲ್ ಬಾರದ ಮಾಲು' ಖಾತೆಗೆ ಡೆಬಿಟ್ 48,000. ತಮಗೆ ವಾಪಸ್ ಸಿಗಬೇಕಾದ ತೆರಿಗೆಗೆ ಡೆಬಿಟ್ 4,800. ಪೆಟ್ಟಿಗೆ ಕಾರ್ಖಾನೆಯ ಖಾತೆಗೆ ಕ್ರೆಡಿಟ್ 52,800.

ಒಂಟಿಯಾಗಿ ಕೂತಿದ್ದ ಅಂಕಿ ಸೊನ್ನೆಯಾಯಿತು. ಅವಳ ಪುಸ್ತಕದಲ್ಲಿ ಎಡಕ್ಕೆ ಬರೆದದ್ದು ಇಲ್ಲಿ ಬಲಕ್ಕೆ ಬಂದು ಕೂತಿತ್ತು, ಒಂದು ಕಾಸೂ ಹೆಚ್ಚುಕಡಿಮೆ ಇಲ್ಲದೆ.

"ತೆರಿಗೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರ್ಕೋತೀವಿ. ಉಳಿದದ್ದು ಮೊದಲೇ ಸ್ಟಾಕಲ್ಲಿ ಇರೋ ಬೆಲೆ. ನಮಗೆ ಹೊಸ ಖರ್ಚು ಅಂತ ಒಂದೂ ಇಲ್ಲ," ಎಂದರು ನೆಗಡಿ ಸಾಹೇಬರು, ಬಾಗಿಲ ಕಡೆಗೆ. ಬಾಗಿಲಲ್ಲಿ ಯಾರೂ ಇರಲಿಲ್ಲ. "ಮೂವತ್ತು ದಿನಕ್ಕೆ ದುಡ್ಡು ಬರತ್ತಮ್ಮ. ಹುಷಾರಾಗಿ ಹೋಗಿ."

*

ಅವಳು ಕಾರ್ಖಾನೆಗೆ ಬಂದಾಗ ಮೂರು ಗಂಟೆ. ಅವಳ ಕುರ್ಚಿಯಲ್ಲಿ ಅತ್ತಿಗೆಯ ತಮ್ಮ ಕೂತಿದ್ದ. ಕುರ್ಚಿಯ ಎತ್ತರವನ್ನೂ ತನಗೆ ಬೇಕಾದಂತೆ ಏರಿಸಿಕೊಂಡಿದ್ದ. ಅಣ್ಣ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದ.

"ಫೋನ್ ಬಂದಿತ್ತು," ಎಂದ ತಿರುಗದೆ. "ಹತ್ತು ಸಾವಿರ ಬಾಕ್ಸ್. ಒದ್ದು ಬಂದ್ಯಂತೆ. ಹತ್ತು ಸಾವಿರ, ಪುಟ್ಟಿ! ನನ್ನ ಕೇಳಬೇಕು ಅನ್ನಿಸಲಿಲ್ವಾ ನಿನಗೆ?"

"ಯಾವ ರೇಟಿಗೆ ಅಂತ ಹೇಳಿದ್ರಾ?"

"ರೇಟ್..." ಅಣ್ಣ ತಿರುಗಿದ. "ರೇಟ್ ಹೇಳಲಿಲ್ಲ."

"ಮೂವತ್ತೊಂದು. ಐದು ಪ್ಲೈ."

ಗೋಂದಣ್ಣ ಆಗಷ್ಟೇ ಗೋಂದಿನ ಡಬ್ಬಿಯ ಲೆಕ್ಕ ಬರೆಸಲು ಬಾಗಿಲಿಗೆ ಬಂದಿದ್ದ. "ಮೂವತ್ತೊಂದಕ್ಕಾ? ಕಾಗದ ಅವರ ಮನೆಯಿಂದ ತರ್ತಾರಾ?" ಎಂದ.

ಅಣ್ಣ ಟೇಬಲ್ ಮೇಲಿದ್ದ ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ಮೂವತ್ತೆಂಟು ಬರೆದ, ಕೆಳಗೆ ಮೂವತ್ತೊಂದು ಬರೆದ, ಕಳೆದ, ಹತ್ತು ಸಾವಿರದಿಂದ ಗುಣಿಸಿದ. ಬಂದ ಅಂಕಿಯ ಕೆಳಗೆ ಎರಡು ಗೆರೆ ಎಳೆದ. ಅವನ ಕಿವಿಗಳು ಕೆಂಪಾದವು.

ಲೆಕ್ಕದಕ್ಕ ಬ್ಯಾಗಿನಿಂದ ಡೆಬಿಟ್ ನೋಟ್ ತೆಗೆದು, ಸೀಲು ಕಾಣುವಂತೆ ಆ ರಟ್ಟಿನ ಚೂರಿನ ಪಕ್ಕದಲ್ಲಿಟ್ಟಳು.

"ನೋಟ್ ಒಪ್ಪಿಕೊಂಡ್ರು ಅಣ್ಣ. ಅವರ ಪುಸ್ತಕಕ್ಕೆ ಏರಿದೆ, ನಾನು ಕಣ್ಣಾರೆ ನೋಡಿದೆ. ಮೂವತ್ತು ದಿನಕ್ಕೆ ದುಡ್ಡು." ಆಮೇಲೆ ಕುರ್ಚಿಯ ಕಡೆ ತಿರುಗಿದಳು. "ಏಳಪ್ಪ."

ಅತ್ತಿಗೆಯ ತಮ್ಮ ಭಾವನ ಮುಖ ನೋಡಿದ. ಭಾವ ರಟ್ಟಿನ ಚೂರು ನೋಡುತ್ತಿದ್ದ.

"ಅಕ್ಕ, ಭಾವನೇ ಕೂತ್ಕೋ ಅಂದ್ರು..."

"ಅವರು ಅಂದಿದ್ದು ನೋಟ್ ಒಪ್ಪಲಿಲ್ಲ ಅಂದ್ರೆ ಅಂತ. ಕೆಲಸ ಕಲೀಬೇಕು ಅಂದ್ರೆ ಆ ಸ್ಟೂಲ್ ಇಲ್ಲಿ ಎಳ್ಕೊಂಡು ಪಕ್ಕದಲ್ಲಿ ಕೂತ್ಕೋ, ಕಲಿಸ್ತೀನಿ. ಈ ಕುರ್ಚಿಯಿಂದ ಏಳು."

ಅವನು ಎದ್ದ. ಅವಳು ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡು ಕುಳಿತಳು. ಕಂಪ್ಯೂಟರ್ ತೆರೆದು ಮಾಲಿನ ಪಟ್ಟಿಯಲ್ಲಿದ್ದ 'ಹನ್ನೆರಡರ ಬಾಕ್ಸ್' ಎಂಬುದನ್ನು ಅಳಿಸಿ ಎರಡು ಸಾಲು ಮಾಡಿದಳು. ಹನ್ನೆರಡರ ಬಾಕ್ಸ್, ಮೂರು ಪ್ಲೈ. ಹನ್ನೆರಡರ ಬಾಕ್ಸ್, ಐದು ಪ್ಲೈ. ಎದುರಿಗೆ ಒಂದೊಂದರ ದರ ಹಾಕಿದಳು. ಇನ್ನೊಮ್ಮೆ ಓದಿದಳು.

ಅಣ್ಣನ ಫೋನ್ ಬಡಿದುಕೊಂಡಿತು. ಹೆಸರು ನೋಡಿ ಅವನು ಅಭ್ಯಾಸದಂತೆ ಎದ್ದು ನಿಂತ.

"ಅವರೇ," ಎಂದ. "ಏನು ಹೇಳ್ಲಿ?"

"ಕೂತ್ಕೊಂಡು ಮಾತಾಡು, ಅಣ್ಣ."

ಅವನು ಸ್ವಲ್ಪ ಹೊತ್ತು ನಿಂತೇ ಇದ್ದ. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಆಮೇಲೆ ಕುಳಿತ, ರಟ್ಟಿನ ಚೂರನ್ನು ಮುಂದೆ ಎಳೆದುಕೊಂಡು ಫೋನ್ ಕಿವಿಗೆ ಹಿಡಿದ.

"ಹಲೋ... ಹೌದು ಸಾರ್, ಬಂದ್ಲು... ಇಲ್ಲ ಸಾರ್, ಅವಳು ಹೇಳಿದ್ದೇ ನನ್ನ ಮಾತು." ಗಂಟಲು ಸರಿಮಾಡಿಕೊಂಡ. "ಐದು ಪ್ಲೈ ಬೇಕು ಅಂದ್ರೆ ನಲವತ್ತಮೂರು. ಬೇಡ ಅಂದ್ರೆ ಬೇಡ ಸಾರ್. ನಲವತ್ತಮೂರು."